ವ್ರತ ತಪ್ಪಿದ ಮರುದಿನ

ಕಾಸರಗೋಡಿನಲ್ಲಿ ಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುವವರ ಜೊತೆ ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತೇನೆ. "ಓದಿದ್ದು ನೆನಪಿರೋದಿಲ್ಲ ಸರ್" ಎಂದು ಬರುವ ಕೆಲವು ಹುಡುಗರಿಗೆ ಬಾಯಿಬಿಟ್ಟು ಹೇಳಲಾಗದ ಕಾರಣ ಬೇರೆ ಇರುತ್ತದೆ.

ಬದಿಯಡ್ಕ ಕಡೆಯ ಒಬ್ಬ ಪದವೀಧರ, ವಯಸ್ಸು 23, ಕ್ಲಾರ್ಕ್ ಪರೀಕ್ಷೆಗೆ ಓದುತ್ತಿದ್ದ. ಹಸ್ತಮೈಥುನ ಬಿಡುತ್ತೇನೆಂದು 90 ದಿನದ ಶಪಥ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಪ್ರತಿ ಸಲವೂ ನಡುವೆ ಮುರಿಯುತ್ತಿತ್ತು. "ನಲ್ವತ್ತು ಹನಿ ರಕ್ತದಿಂದ ಒಂದು ಹನಿ ಧಾತು ಆಗೋದಲ್ವಾ ಸರ್? ಅದಕ್ಕೇ ತಲೆ ಖಾಲಿ" ಅಂದ. ಗೋಡೆ ಜಾಹೀರಾತು ನೋಡಿ ಲೇಹ್ಯವನ್ನೂ ತಿಂದಿದ್ದ. ಈ ವ್ಯಾಪಾರದವರ ಬಗ್ಗೆ ನನಗೆ ಸಿಟ್ಟು ಜಾಸ್ತಿ.

ನಂಬಿಕೆಯನ್ನು ನಾನು ಗೇಲಿ ಮಾಡಲಿಲ್ಲ. ಆಯುರ್ವೇದದ ಏಳು ಧಾತುಗಳಲ್ಲಿ ಶುಕ್ರ ಕೊನೆಯದು, ಲೆಕ್ಕ ಹುಟ್ಟಿದ್ದು ಅಲ್ಲಿಂದ ಎಂದೆ. ಒಮ್ಮೆಗೆ ಹೋಗುವ ವೀರ್ಯ ಸುಮಾರು 2ರಿಂದ 5 ಮಿಲಿ. ಅದರಲ್ಲಿ ಹೆಚ್ಚಿನ ಪಾಲು ವೀರ್ಯಕೋಶ, ಪ್ರಾಸ್ಟೇಟ್ ಗ್ರಂಥಿಗಳ ದ್ರವ, ದೇಹ ಅದನ್ನು ಮತ್ತೆ ಮಾಡಿಕೊಳ್ಳುತ್ತದೆ. ಮಿದುಳಿನಿಂದ ಏನೂ ಇಳಿಯುವುದಿಲ್ಲ. ಈ ಭಯಕ್ಕೆ ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದರು. ಮೂತ್ರ ಬೆಳ್ಳಗೆ ಹೋಗುತ್ತದೆ ಎಂದದ್ದಕ್ಕೆ ಪರೀಕ್ಷೆ ಮಾಡಿಸಿದೆ. ಏನೂ ತೊಂದರೆ ಇರಲಿಲ್ಲ. ಫಾಸ್ಫೇಟ್‌ನಿಂದಲೂ ಹಾಗೆ ಕಾಣುತ್ತದೆ.

ತಲೆಯಾಡಿಸಿದ. ಆದರೆ ನಾಚಿಕೆ ಮಾಹಿತಿಗೆ ಬಗ್ಗುವುದಿಲ್ಲ. ಒಂದು ಪುಸ್ತಕದಲ್ಲಿ ಮಲಗಿದ ಹೊತ್ತು, ಓದಿದ ಹೊತ್ತು, ಕೊರಗಿದ ಹೊತ್ತು ಬರೆಯಲು ಹೇಳಿದೆ. ಆ ಕೆಲಸವನ್ನು ಮಾತ್ರ ಬರೆಯಬೇಡ ಎಂದೆ. ಕೆಲವು ವಾರದಲ್ಲಿ, ಅವನ ಕ್ಯಾಲೆಂಡರಿನ ಜೊತೆ ಇಟ್ಟು ನೋಡಿದಾಗ, ಚಿತ್ರ ಕಂಡಿತು. ಶಪಥ ಮುರಿದದ್ದು ಮಧ್ಯರಾತ್ರಿ ದಾಟಿಯೂ ಹಾಸಿಗೆಯಲ್ಲಿ ಮೊಬೈಲ್ ಹಿಡಿದಿದ್ದ ದಿನಗಳಲ್ಲಿ. ಮರುದಿನ ತಣ್ಣೀರು ಸ್ನಾನ, ಉಪವಾಸ, "ನಾಳೆಯಿಂದ ಹೊಸದಾಗಿ ಶುರು" ಎಂದು ಸುಮ್ನೆ ಕೂರುವುದು. ಓದು ಹೋಗುತ್ತಿದ್ದದ್ದು ನಿದ್ದೆಗೇಡಿನಿಂದ, ಕೊರಗಿನಿಂದ.

ಆಗ ಅವನೇ ಕೇಳಿದ: "ಶಬರಿಮಲೆಗೆ ಮಾಲೆ ಹಾಕಿದಾಗ 41 ದಿನ ಆರಾಮಾಗಿ ಇರ್ತೇನೆ. ಈಗ ಯಾಕೆ ಆಗೋದಿಲ್ಲ?" ಒಳ್ಳೆಯ ಪ್ರಶ್ನೆ. ಮಾಲೆ ಹಾಕಿದವನನ್ನು ಮನೆಯವರೂ 'ಸ್ವಾಮಿ' ಎನ್ನುತ್ತಾರೆ, ಬೆಳಿಗ್ಗೆ ಸಂಜೆಗೆ ಕ್ರಮ ಇರುತ್ತದೆ, ಜೊತೆಗೆ ಜನ ಇರುತ್ತಾರೆ, ಮುಗಿಯುವ ದಿನ ಗೊತ್ತು. ಪರೀಕ್ಷೆಯ ಶಪಥ ಗುಟ್ಟಿನದು. ಒಬ್ಬನೇ ಕೂತು, ಬಂತಾ ಬಂತಾ ಎಂದು ಮನಸ್ಸನ್ನು ಕಾಯುತ್ತಾನೆ. ಕಾದಷ್ಟೂ ಅದೇ ಯೋಚನೆ ಬರುತ್ತದೆ.

ಕ್ಯಾಲೆಂಡರ್ ತೆಗೆಸಿದೆ. ರಾತ್ರಿ ಮೊಬೈಲ್ ಚಾವಡಿಯಲ್ಲಿ ಚಾರ್ಜಿಗೆ. ಬಯಕೆ ಬಂದರೆ ಓಡಿಸುವುದೂ ಬೇಡ, ಹಿಂದೆ ಹೋಗುವುದೂ ಬೇಡ, ಹತ್ತು ನಿಮಿಷ ಬಿಡು. ರಾತ್ರಿ ಏನೇ ಆಗಿರಲಿ, ಬೆಳಿಗ್ಗೆ ಆರಕ್ಕೆ ಹಳೆಯ ಪ್ರಶ್ನೆಪತ್ರಿಕೆಯ ಹತ್ತು ಲೆಕ್ಕ ಮಾಡಲೇಬೇಕು. ಇದೊಂದೇ ಕಡ್ಡಾಯ. ಬಯಕೆ ನಿಲ್ಲಲಿಲ್ಲ, ಮರುದಿನ ಹಾಳಾಗುವುದು ನಿಂತಿತು. ಮಂಡಲ ಕಾಲದಲ್ಲಿ ಮಾಲೆ ಹಾಕುವುದನ್ನು ಅವನು ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಲಿಲ್ಲ.

ಎಲ್ಲರಿಗೂ ಇದು ಸಾಲದು. ಮೂತ್ರದಲ್ಲಿ ಉರಿ ಅಥವಾ ರಕ್ತ ಇದ್ದರೆ ವೈದ್ಯರ ಹತ್ತಿರ ಕಳಿಸುತ್ತೇನೆ. ದಿನಾ ಗಂಟೆಗಟ್ಟಲೆ ವಿಡಿಯೋಗೇ ಹೋಗಿ ನಿಲ್ಲಿಸಲು ಆಗದಿದ್ದರೆ ಮನೋವೈದ್ಯರ ಹತ್ತಿರ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಅವತ್ತೇ, ಮನೆಯವರೊಬ್ಬರ ಜೊತೆ.