ಛತ್ರದ ಅಡ್ವಾನ್ಸ್: ಎಷ್ಟು ತಗೊಳ್ಳಬೇಕು, ಎಷ್ಟು ವಾಪಸ್ ಕೊಡಬೇಕು?

ನಮ್ಮದು ಚಿಕ್ಕ ಊರಿನ ಛತ್ರ. ಬುಕಿಂಗ್ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಹುಡುಗಿಯ ಅಪ್ಪ ಒಬ್ಬರು ಮದುವೆಗೆ ಎರಡು ತಿಂಗಳು ಇರುವಾಗ ಬಂದು, ಸಂಬಂಧ ಮುರಿಯಿತು ಎಂದರು. ರಸೀದಿಯ ಕೆಳಗೆ 'ಅಡ್ವಾನ್ಸ್ ವಾಪಸ್ ಇಲ್ಲ' ಎಂದು ಅಚ್ಚಾಗಿತ್ತು. ನಾನು ಅದನ್ನೇ ತೋರಿಸಿದೆ. ಅವರು ಸುಮ್ನೆ ಹೋದರು. ಹತ್ತೇ ದಿನಕ್ಕೆ ಅದೇ ಮುಹೂರ್ತಕ್ಕೆ ಬೇರೆಯವರು ಪೂರ್ತಿ ಬಾಡಿಗೆಗೆ ಬಂದರು. ಆ ಮದುವೆಗೆ ಇವರೂ ನೆಂಟರಾಗಿ ಬಂದಿದ್ದರು. ಊಟ ಮುಗಿಸಿ ಕೈ ತೊಳೆಯುತ್ತಾ ಕೇಳಿದರು: "ಇವತ್ತಿನ ದಿನಕ್ಕೆ ಅವರ ದುಡ್ಡೂ ನಿಮ್ಮ ಹತ್ರಾನೇ, ನಮ್ಮ ದುಡ್ಡೂ ನಿಮ್ಮ ಹತ್ರಾನೇ ಅಲ್ವಾ ಸ್ವಾಮಿ?"

ಉತ್ತರ ಇರಲಿಲ್ಲ. ನಿಯಮವನ್ನು ಬದಲಾಯಿಸಿದ್ದು ಆಮೇಲೆ. ಹೇಗೆ ಎನ್ನುವುದು ಇಲ್ಲಿದೆ. ಛತ್ರಕ್ಕಷ್ಟೇ ಅಲ್ಲ, ಶಾಮಿಯಾನ, ಅಡುಗೆ, ಫೋಟೋದವರಿಗೂ ಲೆಕ್ಕದ ದಾರಿ ಇದೇ.

ಮೊದಲು ಎರಡು ದುಡ್ಡನ್ನು ಬೇರೆ ಮಾಡಿ

ದಿನ ಹಿಡಿದಿಡಲು ಕೊಡುವ ದುಡ್ಡು ಒಂದು. ಅದು ಬಾಡಿಗೆಯ ಭಾಗ. ಪಾತ್ರೆ ಕಳೆದರೆ, ಕುರ್ಚಿ ಮುರಿದರೆ ಎಂದು ಇಟ್ಟುಕೊಳ್ಳುವ ಡಿಪಾಜಿಟ್ ಇನ್ನೊಂದು. ಅದು ಗಿರಾಕಿಯ ದುಡ್ಡೇ, ನಮ್ಮ ಹತ್ತಿರ ಇರುತ್ತದೆ ಅಷ್ಟೆ. ಎರಡನ್ನೂ ಒಂದೇ ರಸೀದಿಯಲ್ಲಿ 'ಅಡ್ವಾನ್ಸ್' ಎಂದು ಬರೆದರೆ ಕೊನೆಗೆ ಜಗಳ ಗ್ಯಾರಂಟಿ. ಡಿಪಾಜಿಟ್ ಅನ್ನು ಕೀ ಕೊಡುವ ದಿನ ತಗೊಳ್ಳಿ. ಪಾತ್ರೆಗಳನ್ನು ಇಬ್ಬರೂ ಎಣಿಸಿ ಸಹಿ ಹಾಕಿ. ವಾಪಸ್ ಕೀ ಬಂದ ದಿನವೇ ಲೆಕ್ಕ ಮುಗಿಸಿ.

ರದ್ದಾದರೆ ನಿಜವಾದ ನಷ್ಟ ಎಷ್ಟು?

ಬಾಡಿಗೆ 80,000 ರೂಪಾಯಿ ಅಂತಿಟ್ಟುಕೊಳ್ಳಿ. ಮದುವೆ ನಡೆಯದಿದ್ದರೆ ಕಸ ಗುಡಿಸುವವರ ಕೂಲಿ, ಕರೆಂಟು, ನೀರು ಎಲ್ಲ ಸೇರಿ 12,000 ಉಳಿಯುತ್ತದೆ. ಹಾಗಾಗಿ ದಿನ ಪೂರ್ತಿ ಖಾಲಿ ಹೋದರೂ ನಷ್ಟ 68,000, 80,000 ಅಲ್ಲ.

ಆದರೆ ದಿನ ಖಾಲಿ ಹೋಗುತ್ತದೆಯೇ? ಇದಕ್ಕೆ ಹಳೆಯ ಬುಕಿಂಗ್ ಪುಸ್ತಕ ತೆಗೆಯಿರಿ. ರದ್ದಾದ ಪ್ರತಿ ಮುಹೂರ್ತದ ಮುಂದೆ ಎರಡು ವಿಷಯ ಬರೆಯಿರಿ: ಎಷ್ಟು ದಿನ ಮೊದಲು ರದ್ದಾಯಿತು, ಆಮೇಲೆ ಬೇರೆಯವರಿಗೆ ಹೋಯಿತೇ. ನಾಲ್ಕು ತಿಂಗಳ ಮೊದಲೇ ರದ್ದಾದ ದಿನಗಳು ಹತ್ತರಲ್ಲಿ ಒಂಬತ್ತು ಮತ್ತೆ ಹೋಗಿದ್ದರೆ, ಅಂಥ ಒಂದು ರದ್ದಿನ ಸರಾಸರಿ ನಷ್ಟ 68,000ದ ಹತ್ತನೇ ಒಂದು, ಅಂದರೆ 6,800. ಇಲ್ಲಿ 20,000 ಮುಟ್ಟುಗೋಲು ಹಾಕಿಕೊಳ್ಳುವುದು ನ್ಯಾಯ ಅಲ್ಲ. ತಿಂಗಳ ಒಳಗೆ ರದ್ದಾದರೆ ಕಥೆಯೇ ಬೇರೆ. ಅಷ್ಟೊತ್ತಿಗೆ ಬೇರೆಯವರ ಲಗ್ನಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿರುತ್ತದೆ, ಯಾರು ಬರುತ್ತಾರೆ?

ಆಷಾಢದ ಲೆಕ್ಕ ಬೇರೆ ಇಡಿ. ಆಗ ಹೇಗೂ ಛತ್ರ ಖಾಲಿ. ಹುಟ್ಟುಹಬ್ಬ, ಮೀಟಿಂಗ್ ರದ್ದಾದರೆ ನೀವು ಬೇರೆ ಯಾರನ್ನೂ ವಾಪಸ್ ಕಳಿಸಿರುವುದಿಲ್ಲ. ಚಿಕ್ಕ ಮೊತ್ತ ಹಿಡಿದರೆ ಸಾಕು.

ದುಡ್ಡು ಕಂತಿನಲ್ಲಿ ಬರಲಿ

ಅಪಾಯ ದಿನ ಹತ್ತಿರ ಬಂದಂತೆ ಜಾಸ್ತಿ ಆಗುತ್ತದೆ. ಅಡ್ವಾನ್ಸೂ ಹಾಗೇ ಬೆಳೆಯಬೇಕು. ಬುಕ್ ಮಾಡುವಾಗ 20,000. 120 ದಿನ ಇರುವಾಗ ಇನ್ನೊಂದು 20,000. ಉಳಿದ 40,000 ಮದುವೆಯ ಹಿಂದಿನ ವಾರ. ಎರಡನೇ ಕಂತಿಗೆ ಹತ್ತು ದಿನ ಮೊದಲು ನೀವೇ ಫೋನ್ ಮಾಡಿ. ಮನಸ್ಸಿನಲ್ಲೇ ಮದುವೆ ಮುಂದೂಡಿ ಹೇಳದೆ ಕೂತವರು ಆ ಫೋನಿನಲ್ಲೇ ಸಿಕ್ಕಿಬೀಳುತ್ತಾರೆ, ನಿಮಗೂ ದಿನ ಬೇಗ ಬಿಡುಗಡೆ ಆಗುತ್ತದೆ.

ರದ್ದಿಗೆ ಎರಡೇ ನಿಯಮ

120 ದಿನಕ್ಕಿಂತ ಮೊದಲು ರದ್ದಾದರೆ 6,000 ಹಿಡಿದು 14,000 ಒಂದು ವಾರದಲ್ಲಿ ವಾಪಸ್. ದಿನ ಮತ್ತೆ ಹೋದರೂ, ಹೋಗದಿದ್ದರೂ ಲೆಕ್ಕ ಅಲ್ಲಿಗೆ ಮುಗಿಯಿತು.

ಆಮೇಲೆ ರದ್ದಾದರೆ ಕಾದು ನೋಡುವುದು. ಕೊಟ್ಟಿರುವ 40,000 ನಮ್ಮ ಹತ್ತಿರ ಇರುತ್ತದೆ. ದಿನ ಬೇರೆಯವರಿಗೆ ಹೋದರೆ ನಮ್ಮ ಓಡಾಟಕ್ಕೆ 3,000, ಜೊತೆಗೆ ಬಾಡಿಗೆಯಲ್ಲಿ ಕಡಿಮೆ ಬಿದ್ದದ್ದನ್ನು ಮಾತ್ರ ಕಳೆಯುವುದು. ಉದಾಹರಣೆಗೆ, 70 ದಿನ ಇರುವಾಗ ಮದುವೆ ರದ್ದಾಯಿತು. ಅದೇ ದಿನಕ್ಕೆ ಒಂದು ಉಪನಯನ 65,000ಕ್ಕೆ ಬಂತು. ಕಡಿಮೆ ಬಿದ್ದದ್ದು 15,000, ಓಡಾಟದ 3,000 ಸೇರಿಸಿದರೆ 18,000. ಮೊದಲಿನವರಿಗೆ 22,000 ವಾಪಸ್. ಯಾರೂ ಬರದಿದ್ದರೆ 40,000 ನಮ್ಮದು. ನಷ್ಟ 68,000 ಆದರೂ ಬಾಕಿಗೆ ಅವರ ಮನೆ ಬಾಗಿಲಿಗೆ ಹೋಗುವುದಿಲ್ಲ.

ಮತ್ತೆ ಬುಕ್ ಆಯಿತೋ ಇಲ್ಲವೋ ಎಂದು ಗಿರಾಕಿಗೆ ಗೊತ್ತಾಗುವುದು ಹೇಗೆ? ಪುಟಕ್ಕೆ ನಂಬರ್ ಇರುವ ಪುಸ್ತಕ ಇಡಿ, ಕೇಳಿದರೆ ತೋರಿಸಿ. ಬದಲಿ ಗಿರಾಕಿಯನ್ನು ಅವರೇ ಕರೆತಂದರೂ ಒಪ್ಪಿಕೊಳ್ಳಿ. ಅವರಷ್ಟು ಜೋರಾಗಿ ಹುಡುಕುವವರು ಬೇರೆ ಯಾರೂ ಇಲ್ಲ!

ಸಾವು, ಸೂತಕ, ಸರ್ಕಾರದ ಆದೇಶ

ಮನೆಯಲ್ಲಿ ಸಾವಾದರೆ ಮದುವೆ ನಿಲ್ಲಲೇಬೇಕು. ಅದು ಹೇಳಿ ಬರುವುದಿಲ್ಲ. ಅಂಥವರಿಗೆ ವರ್ಷದೊಳಗೆ ಖಾಲಿ ಇರುವ ಬೇರೆ ದಿನಕ್ಕೆ ಪೂರ್ತಿ ದುಡ್ಡು ವರ್ಗ ಮಾಡಿಕೊಡಿ, ಒಂದು ಸಲ. ಯಾರು ಸತ್ತರೆ ಎಂದು ಬರೆದಿಡುವುದು ಮುಜುಗರದ ಕೆಲಸ. ಆದರೂ 'ವಧು-ವರರ ಎರಡು ಮನೆಯ ಸೂತಕ' ಎಂದಾದರೂ ಬರೆಯಿರಿ, ಇಲ್ಲದಿದ್ದರೆ ದೂರದ ದಾಯಾದಿಯ ಸೂತಕವೂ ಬರುತ್ತದೆ.

2020ರ ಲಾಕ್‌ಡೌನ್‌ನಂತೆ ಕಾರ್ಯಕ್ರಮ ನಡೆಸುವುದೇ ಅಸಾಧ್ಯವಾದರೆ ಗಿರಾಕಿಯ ತಪ್ಪಿಲ್ಲ, ನಿಮ್ಮದೂ ಇಲ್ಲ. 1872ರ ಕರಾರು ಕಾಯ್ದೆಯ 56 ಮತ್ತು 65ನೇ ಸೆಕ್ಷನ್‌ಗಳ ತಿರುಳು ಇಷ್ಟೇ: ನಡೆಸಲಾಗದ ಕರಾರು ಬಿದ್ದುಹೋಗುತ್ತದೆ, ಅದರಡಿ ಪಡೆದದ್ದನ್ನು ಹಿಂದಿರುಗಿಸಬೇಕು.

'ವಾಪಸ್ ಇಲ್ಲ' ಎಂದು ಅಚ್ಚು ಹಾಕಿಸಿದರೆ ಮುಗಿಯಿತು ಎಂದುಕೊಂಡವರು ಅದೇ ಕಾಯ್ದೆಯ 74ನೇ ಸೆಕ್ಷನ್ ಓದಬೇಕು. ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ, ಆ ಮಿತಿಯೊಳಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅತಿಯಾದ ಡಿಪಾಜಿಟ್ಟನ್ನು, ನಷ್ಟಕ್ಕೆ ತಾಳೆಯಾಗದ ದಂಡವನ್ನು ಅನ್ಯಾಯದ ಕರಾರಿನ ಪಟ್ಟಿಗೆ ಸೇರಿಸಿದೆ. ಮೇಲಿನಂತೆ ಲೆಕ್ಕ ಬರೆದಿಟ್ಟಿದ್ದರೆ ಆಗ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ನಾವೇ ತಪ್ಪಿದರೆ?

ಹೆಚ್ಚಿನ ನಿಯಮಗಳು ಇಲ್ಲಿ ಮಾತೇ ಆಡುವುದಿಲ್ಲ. ಒಂದೇ ದಿನ ಇಬ್ಬರಿಗೆ ಬುಕ್ ಆದರೆ, ಜಾಸ್ತಿ ಕೊಡುವವರು ಬಂದರೆಂದು ಮೊದಲಿನವರನ್ನು ಬಿಟ್ಟರೆ, ಬರೀ ಅಡ್ವಾನ್ಸ್ ವಾಪಸ್ ಕೊಟ್ಟರೆ ಸಾಲದು. ಅಷ್ಟೇ ಮೊತ್ತವನ್ನು ಮೇಲೆ ಕೊಡುತ್ತೇವೆ ಎಂದು ನಾವು ಬರೆದಿದ್ದೇವೆ. ಈ ಒಂದು ಸಾಲು ಬಂದ ಮೇಲೆ ನಮ್ಮ ಹುಡುಗರು ಫೋನಿನಲ್ಲೇ 'ಆಯ್ತು, ನಿಮಗೇ' ಎನ್ನುವುದನ್ನು ನಿಲ್ಲಿಸಿದರು.

ರಸೀದಿಯಲ್ಲಿ ಬರೆಯುವುದು

ದುಡ್ಡು ಕೈಗೆ ಬರುವ ಮೊದಲೇ ನಿಯಮ ಓದಿ ಹೇಳಿ, ಸಹಿ ತಗೊಳ್ಳಿ. ನಮ್ಮ ರಸೀದಿಯ ಹಿಂದೆ ಇರುವುದು ಇಷ್ಟು:

"120 ದಿನಕ್ಕೆ ಮೊದಲು ತಿಳಿಸಿದರೆ 6,000 ಕಳೆದು ಉಳಿದದ್ದು ವಾಪಸ್. ಆಮೇಲೆ ತಿಳಿಸಿದರೆ, ದಿನ ಮತ್ತೆ ಬುಕ್ ಆದಲ್ಲಿ 3,000 ಮತ್ತು ಬಾಡಿಗೆಯ ಕೊರತೆ ಕಳೆದು, ಹೊಸಬರು ಪೂರ್ತಿ ದುಡ್ಡು ಕಟ್ಟಿದ 7 ದಿನದಲ್ಲಿ ವಾಪಸ್. ಬುಕ್ ಆಗದಿದ್ದರೆ ವಾಪಸ್ ಇಲ್ಲ. ಎರಡು ಮನೆಯ ಸೂತಕಕ್ಕೆ ಒಂದು ಸಲ ದಿನ ಬದಲಾವಣೆ. ನಾವು ರದ್ದು ಮಾಡಿದರೆ ಕಟ್ಟಿದ್ದರ ಎರಡರಷ್ಟು."

ಜಿಎಸ್‌ಟಿ ನೋಂದಣಿ ಇರುವವರು ಒಂದು ಗಮನಿಸಿ: ಸೇವೆಯ ಅಡ್ವಾನ್ಸ್ ಕೈಗೆ ಬಂದಾಗಲೇ ಅದಕ್ಕೆ ತೆರಿಗೆ ಲೆಕ್ಕ ಹಿಡಿಯಬೇಕು. ವಾಪಸ್ ಕೊಟ್ಟಾಗ ಅದಕ್ಕೆ ರೀಫಂಡ್ ವೋಚರ್ ಮಾಡಬೇಕು. ಆಡಿಟರಿಗೆ ತಿಂಗಳಿಗೊಮ್ಮೆ ರದ್ದಿನ ಪಟ್ಟಿ ಕೊಡಿ.

ಆ ಹುಡುಗಿಯ ಅಪ್ಪನ 20,000ದಲ್ಲಿ 3,000 ಹಿಡಿದು 17,000 ನಾವೇ ಹೋಗಿ ಕೊಟ್ಟು ಬಂದೆವು. ಮುಂದಿನ ಮಾಘದಲ್ಲಿ ಮಗಳ ಮದುವೆ ನಮ್ಮಲ್ಲೇ ಆಯಿತು. ಸಹಿ ಹಾಕುವ ಮೊದಲು ಅವರು ರಸೀದಿಯ ಹಿಂಭಾಗವನ್ನು ಎರಡು ಸಲ ಓದಿದರು.