ಸುಪ್ರೀಮಮ್ ಸಾಧಿಸುವುದು ಹೇಗೆ? ಎಡವುವುದು ಎರಡನೆಯ ಹಂತದಲ್ಲಿ

ದಾವಣಗೆರೆಯಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುವಾಗ ವರ್ಷವರ್ಷವೂ ಒಂದೇ ತಪ್ಪನ್ನು ನೋಡುತ್ತ ಬಂದಿದ್ದೇನೆ. ಒಂದು ಗಣದ ಸುಪ್ರೀಮಮ್ ಎಷ್ಟೆಂದು ಕೇಳಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಅದನ್ನು ಸಾಧಿಸಿ ತೋರಿಸಿ ಎಂದರೆ ಅರ್ಧ ಸಾಧನೆ ಬರೆದು ಪೆನ್ನು ಕೆಳಗಿಡುತ್ತಾರೆ. ಬಿಟ್ಟುಹೋಗುವ ಆ ಉಳಿದರ್ಧವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಪದಗಳ ಅರ್ಥ. ಗಣದ ಯಾವ ಅಂಶವೂ ಮೀರದ ಸಂಖ್ಯೆಯೇ ಆ ಗಣದ ಮೇಲ್ಮಿತಿ. ತರಗತಿಯಲ್ಲಿ ಎಲ್ಲರೂ ಅಪ್ಪರ್ ಬೌಂಡ್ ಎನ್ನುವುದು ಇದನ್ನೇ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ನೂರು ಚೀಲ ಮೆಕ್ಕೆಜೋಳ ತೂಗಿದಾಗ ಯಾವ ಚೀಲವೂ 60 ಕೆ.ಜಿ. ಮೀರಲಿಲ್ಲವೆಂದರೆ 60 ಒಂದು ಮೇಲ್ಮಿತಿ, 75 ಕೂಡ ಮೇಲ್ಮಿತಿ, 1000 ಕೂಡ. ಇವೆಲ್ಲವುಗಳಲ್ಲಿ ಅತಿ ಚಿಕ್ಕದು ಯಾವುದೋ ಅದು ಕನಿಷ್ಠ ಮೇಲ್ಮಿತಿ, ಅಂದರೆ ಸುಪ್ರೀಮಮ್. ಚೀಲಗಳ ವಿಷಯದಲ್ಲಿ ಅದು ಎಲ್ಲಕ್ಕಿಂತ ಭಾರವಾದ ಚೀಲದ ತೂಕವೇ ಆಗಿರುತ್ತದೆ. ಎಣಿಸಿ ಮುಗಿಯುವ ಗಣಗಳಲ್ಲೆಲ್ಲ ಹೀಗೆಯೇ. ಬೇರೆ ಹೆಸರೊಂದು ಬೇಕಾಗುವುದು ಎಣಿಸಿ ಮುಗಿಯದ, ಅತಿ ದೊಡ್ಡ ಅಂಶವೇ ಇಲ್ಲದ ಗಣಗಳು ಎದುರಾದಾಗ.

ಅಂಥ ಒಂದು ಗಣವನ್ನು ತೆಗೆದುಕೊಳ್ಳೋಣ. n = 1, 2, 3, … ಎಂದು ಬದಲಾಗುತ್ತ ಹೋದಾಗ (3n − 1)/(n + 2) ರೂಪದಲ್ಲಿ ಸಿಗುವ ಎಲ್ಲ ಸಂಖ್ಯೆಗಳ ಗಣ S ಆಗಿರಲಿ. ಇದರ ಮೊದಲ ಅಂಶಗಳು 2/3, 5/4, 8/5, 11/6. n ದೊಡ್ಡದಾದಂತೆ ಇವು 3ರ ಕಡೆಗೆ ಏರುತ್ತವೆ.

ಹಂತ 1: ಊಹಿಸಿದ ಸಂಖ್ಯೆಯಿಂದ ಅಂಶವನ್ನು ಕಳೆಯಿರಿ. 3 − (3n − 1)/(n + 2) = 7/(n + 2). ಬಲಗಡೆ ಇರುವುದು ಯಾವಾಗಲೂ ಧನ ಸಂಖ್ಯೆ. ಆದ್ದರಿಂದ ಪ್ರತಿಯೊಂದು ಅಂಶವೂ 3ಕ್ಕಿಂತ ಚಿಕ್ಕದು, 3 ಮೇಲ್ಮಿತಿ. ಹಂತ ಮುಗಿಯಿತು. ಈ ವ್ಯತ್ಯಾಸವನ್ನು ಹಾಳೆಯ ಮೇಲೆ ಕೈಯಿಂದಲೇ ಕಳೆದು ಬರೆಯಿರಿ, ಕ್ಯಾಲ್ಕುಲೇಟರ್ ಮುಟ್ಟಬೇಡಿ. ಮುಂದಿನ ಹಂತವೆಲ್ಲ ಈ 7/(n + 2)ರ ಮೇಲೆಯೇ ನಿಂತಿದೆ.

ಹಂತ 2: 3ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ ಮೇಲ್ಮಿತಿಯಲ್ಲ ಎಂದು ತೋರಿಸಿ. ಬಹುಪಾಲು ವಿದ್ಯಾರ್ಥಿಗಳು ನಿಲ್ಲುವುದು ಇಲ್ಲಿಯೇ. ಮೇಲಿನ ಲೆಕ್ಕ 3.5ಕ್ಕೂ ಒಪ್ಪುತ್ತದೆ, ಏಕೆಂದರೆ 3.5 ಸಹ ಮೇಲ್ಮಿತಿಯೇ. ಹಾಗಾದರೆ ಮೊದಲ ಹಂತವಷ್ಟನ್ನೇ ಬರೆದವರು 3 ಮತ್ತು 3.5ರ ನಡುವಿನ ವ್ಯತ್ಯಾಸವನ್ನೇ ಹೇಳಿದಂತಾಗಲಿಲ್ಲ.

3ಕ್ಕಿಂತ ಚಿಕ್ಕ ಸಂಖ್ಯೆಯನ್ನು 3 − ε ಎಂದು ಬರೆಯಬಹುದು. ಇಲ್ಲಿ ε ಯಾವುದೇ ಧನ ಸಂಖ್ಯೆ. ಅದು ಮೇಲ್ಮಿತಿಯಲ್ಲ ಎಂದರೆ ಅದನ್ನು ಮೀರಿದ ಒಂದು ಅಂಶ Sನಲ್ಲಿ ಇದೆ ಎಂದರ್ಥ. ಒಂದೇ ಒಂದು ಅಂಶ ಸಿಕ್ಕರೂ ಸಾಕು. ಅದನ್ನು ಹುಡುಕಲು ಮೊದಲು ಹಾಳೆಯ ಬದಿಯಲ್ಲಿ ಹಿಮ್ಮುಖವಾಗಿ ಲೆಕ್ಕ ಮಾಡಿ: ಅಂಶವು 3 − ε ಅನ್ನು ಮೀರಬೇಕಾದರೆ 7/(n + 2) < ε ಆಗಬೇಕು, ಅಂದರೆ n + 2 > 7/ε, ಅಂದರೆ n > 7/ε − 2. ಯಾವ ವಾಸ್ತವ ಸಂಖ್ಯೆಯನ್ನು ಕೊಟ್ಟರೂ ಅದನ್ನು ಮೀರಿದ ಸ್ವಾಭಾವಿಕ ಸಂಖ್ಯೆಯೊಂದು ಇದ್ದೇ ಇರುತ್ತದೆ. ಇದನ್ನು ಆರ್ಕಿಮಿಡೀಸನ ಗುಣ ಎನ್ನುತ್ತಾರೆ. ಹಾಗಾಗಿ ನಮಗೆ ಬೇಕಾದ n ಸಿಕ್ಕಿತು.

ಸಂಖ್ಯೆ ಹಾಕಿ ನೋಡಿ. ε = 0.01 ಆದರೆ n > 698 ಬೇಕು. n = 699 ಎಂದಿಟ್ಟರೆ ಅಂಶ 2096/701, ಸುಮಾರು 2.990014; ಅದು 2.99 ಅನ್ನು ಮೀರಿತು. n = 698 ಎಂದಿಟ್ಟರೆ ಸಿಗುವುದು ಸರಿಯಾಗಿ 2.99, ಅದು ಮೀರಿದಂತಲ್ಲ. ಈ ಒಂದು ಅಂಕಿಯ ಎಚ್ಚರ ತಪ್ಪಿದರೆ ಅಂಕವೂ ತಪ್ಪುತ್ತದೆ.

ಕಳೆದ ಸಲ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ‘n = 1000 ಇಟ್ಟರೆ ಅಂಶ 3ಕ್ಕೆ ಬಹಳ ಹತ್ತಿರ ಬರುತ್ತದೆ, ಆದ್ದರಿಂದ 3 ಸುಪ್ರೀಮಮ್’ ಎಂದಿತ್ತು. ‘ನಾನು ε = 0.001 ಅಂದರೆ ಏನು ಮಾಡ್ತೀಯಮ್ಮ?’ ಎಂದು ಕೇಳಿದೆ. ಅವಳು ಅಲ್ಲಿಯೇ 7/1002 ಭಾಗಿಸಿ, 0.00698… ಎಂದು ಬರೆದು, ‘ಸಾಲಲ್ಲ ಸರ್, 6998 ದಾಟಬೇಕು’ ಎಂದಳು. ತಪ್ಪು ಇದ್ದದ್ದು ಕ್ರಮದಲ್ಲಿ. ಮೊದಲು ε ಬರಬೇಕು, ಅದನ್ನು ನೋಡಿಕೊಂಡು n ಬರಬೇಕು. n ಅನ್ನು ಮೊದಲೇ ಹಿಡಿದು ಕೂತರೆ ಅದಕ್ಕೆ ದಕ್ಕದಷ್ಟು ಚಿಕ್ಕ ε ಯಾವಾಗಲೂ ಇರುತ್ತದೆ.

ಬದಿಯ ಲೆಕ್ಕವನ್ನು ಉತ್ತರ ಪತ್ರಿಕೆಯಲ್ಲಿ ಹಾಗೆಯೇ ಇಳಿಸಬೇಡಿ. ಅದನ್ನು ತಿರುಗಿಸಿ, ಮುಮ್ಮುಖವಾಗಿ ಬರೆಯಿರಿ: ‘ε > 0 ಯಾವುದೇ ಇರಲಿ. n > 7/ε − 2 ಆಗುವಂಥ ಸ್ವಾಭಾವಿಕ ಸಂಖ್ಯೆ n ಅನ್ನು ಆರಿಸಿ. ಆಗ 7/(n + 2) < ε. ಆದ್ದರಿಂದ (3n − 1)/(n + 2) > 3 − ε.’ ನಾಲ್ಕೇ ವಾಕ್ಯ, ಆದರೆ ‘ಯಾವುದೇ ಇರಲಿ’ ಎಂಬ ಪದಗಳನ್ನು ಬಿಡುವಂತಿಲ್ಲ.

ಊಹೆ ತಪ್ಪಾಗಿದ್ದರೆ ಈ ಎರಡು ಹಂತಗಳೇ ಅದನ್ನು ಹಿಡಿದುಕೊಡುತ್ತವೆ. 3.5 ಎಂದು ಊಹಿಸಿದವರು ಎರಡನೆಯ ಹಂತದಲ್ಲಿ ಸಿಕ್ಕಿಬೀಳುತ್ತಾರೆ: ε = 0.25 ಇಟ್ಟರೆ 3.25 ಮೀರಿದ ಅಂಶ ಬೇಕು, ಅಂಥದ್ದು Sನಲ್ಲಿ ಒಂದೂ ಇಲ್ಲ. 2.9 ಎಂದವರು ಮೊದಲ ಹಂತದಲ್ಲಿಯೇ ಸೋಲುತ್ತಾರೆ: n = 69 ಆದಾಗ ಅಂಶ 206/71, ಅದು 2.9ಕ್ಕಿಂತ ಸ್ವಲ್ಪ ದೊಡ್ಡದು.

ಕೆಲವು ಗೈಡುಗಳಲ್ಲಿ ‘n ಅನಂತಕ್ಕೆ ಹೋದಾಗ ಬರುವ ಮಿತಿಯೇ ಸುಪ್ರೀಮಮ್’ ಎಂಬ ಅಡ್ಡದಾರಿಯನ್ನು ಅಚ್ಚು ಹಾಕಿರುತ್ತಾರೆ. ಆ ಪುಟವನ್ನು ಮುಚ್ಚಿಡಿ. ಯಾವ ಅಂಶವೂ ಆ ಮಿತಿಯನ್ನು ಮೀರದಿದ್ದಾಗ ಮಾತ್ರ ಅದು ನಿಜ. 1, 1/2, 1/3, … ಎಂಬ ಗಣದಲ್ಲಿ ಮಿತಿ 0, ಸುಪ್ರೀಮಮ್ 1. ಇಲ್ಲಿ 1 ಗಣದೊಳಗೇ ಇರುವುದರಿಂದ ಅದು ಗರಿಷ್ಠ ಅಂಶವೂ ಹೌದು. ನಮ್ಮ Sನಲ್ಲಿ 3 ಗಣದ ಹೊರಗಿದೆ. ಅದನ್ನು ಗರಿಷ್ಠ ಅಂಶ ಎಂದು ಬರೆದರೆ ತಪ್ಪು.

ಹಂತ 3: ಸುಪ್ರೀಮಮ್ ಇದೆಯೇ ಎಂಬ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ಸಂಖ್ಯೆ ಕೈಗೆ ಸಿಕ್ಕಿತ್ತು, ಹಾಗಾಗಿ ಈ ಪ್ರಶ್ನೆ ಏಳಲಿಲ್ಲ. ಒಂದಾದರೂ ಅಂಶವಿರುವ, ಮೇಲ್ಮಿತಿಯುಳ್ಳ ಪ್ರತಿಯೊಂದು ವಾಸ್ತವ ಸಂಖ್ಯಾಗಣಕ್ಕೂ ಸುಪ್ರೀಮಮ್ ಇರುತ್ತದೆ ಎಂಬುದು ವಾಸ್ತವ ಸಂಖ್ಯೆಗಳ ಪೂರ್ಣತೆಯ ನಿಯಮ. 1872ರಲ್ಲಿ ಜರ್ಮನ್ ಗಣಿತಜ್ಞ ಡೆಡೆಕಿಂಡ್ ಅವರು ಭಾಗಲಬ್ಧ ಸಂಖ್ಯೆಗಳಿಂದ ವಾಸ್ತವ ಸಂಖ್ಯೆಗಳನ್ನು ಕಟ್ಟಿ ತೋರಿಸಿದ್ದು ಇಂಥ ಗುಣಕ್ಕೆ ಗಟ್ಟಿ ಆಧಾರ ಒದಗಿಸಲೆಂದೇ. ಭಾಗಲಬ್ಧ ಸಂಖ್ಯೆಗಳಲ್ಲಿ ಮಾತ್ರ ಹುಡುಕುತ್ತೇವೆಂದರೆ ಈ ನಿಯಮ ನಿಲ್ಲುವುದಿಲ್ಲ. ವರ್ಗವು 2ಕ್ಕಿಂತ ಕಡಿಮೆ ಇರುವ ಧನ ಭಾಗಲಬ್ಧ ಸಂಖ್ಯೆಗಳ ಗಣಕ್ಕೆ 3/2 ಒಂದು ಮೇಲ್ಮಿತಿ. p ಎಂಬ ಭಾಗಲಬ್ಧ ಮೇಲ್ಮಿತಿ ಸಿಕ್ಕಾಗಲೆಲ್ಲ (p² + 2)/(2p) ಎಂದು ಲೆಕ್ಕ ಹಾಕಿದರೆ ಅದಕ್ಕಿಂತ ಚಿಕ್ಕದಾದ ಇನ್ನೊಂದು ಭಾಗಲಬ್ಧ ಮೇಲ್ಮಿತಿ ಬರುತ್ತದೆ: 3/2ರಿಂದ 17/12, ಅದರಿಂದ 577/408. 17/12ರ ವರ್ಗ 289/144, ಅದು 2ಕ್ಕಿಂತ 1/144ರಷ್ಟು ಮಾತ್ರ ಹೆಚ್ಚು. ಹೀಗೆ ಇಳಿಯುತ್ತ ಹೋದರೂ ಕೊನೆಯ ಮೆಟ್ಟಿಲು ಭಾಗಲಬ್ಧ ಸಂಖ್ಯೆಗಳಲ್ಲಿ ಸಿಗುವುದಿಲ್ಲ. ಆ ಗಣದ ಸುಪ್ರೀಮಮ್ √2, ಅದು ವಾಸ್ತವ ಸಂಖ್ಯೆಗಳಲ್ಲಿ ಮಾತ್ರ ಇದೆ.