ಡೌನ್ ಜಾಕೆಟ್ ಮನೆಯಾಗೇ ತೊಳೆದು, ಗಂಟಾಗದಂಗೆ ಒಣಗಿಸಿದ್ದು: ನನ್ನ ಅನುಭವ

ಬಳ್ಳಾರಿಯಾಗ ಇರೋರಿಗೆ ಡೌನ್ ಜಾಕೆಟ್, ಅಂದ್ರೆ ಬಾತಿನ ತುಪ್ಪಳ ತುಂಬಿದ ಚಳಿ ಜಾಕೆಟ್, ಯಾಕೆ ಅಂತ ಕೇಳಬಹುದು, ಡಿಸೆಂಬರ್‌ನಾಗೆ ಹಿಮಾಲಯದ ಕೇದಾರಕಂಠ ಟ್ರೆಕ್‌ಗೆ ಹೋಗಿದ್ದೆ, ಅದಕ್ಕೆ ತಗೊಂಡಿದ್ದು. ವಾಪಸ್ ಬಂದಾಗ ಕಾಲರ್ ಸುತ್ತ ಬೆವರು, ಸನ್‌ಸ್ಕ್ರೀನು, ತಲೆ ಎಣ್ಣೆ ಎಲ್ಲ ಕೂತು ಕಪ್ಪಾಗಿತ್ತು, ಮೊದಲಿನಂಗೆ ಉಬ್ಬತಾನೂ ಇರಲಿಲ್ಲ. ಹಂಗಂತ ತಕ್ಷಣ ತೊಳೀಲಿಲ್ಲ, ಮಾರ್ಚ್ ಕೊನೆ ತನಕ ಕಾದೆ. ಯಾಕಂದ್ರೆ ಜಾಕೆಟ್ ಕೆಡೋದು ತೊಳಿಯುವಾಗ ಕಮ್ಮಿ, ಒಣಗಿಸುವಾಗಲೇ ಜಾಸ್ತಿ, ನಮ್ಮ ಮನೆಯಾಗ ಡ್ರೈಯರ್ ಇಲ್ಲ, ಇರೋದು ನಮ್ಮೂರ ಒಣ ಹವಾ ಒಂದೇ.

ಇಷ್ಟು ಹುಷಾರಾಗಿರೋದಕ್ಕೆ ಕಾರಣ ಐತೆ. ಎರಡು ವರ್ಷದ ಹಿಂದೆ ತಮ್ಮನ ಸಿಂಥೆಟಿಕ್ ಜಾಕೆಟ್ ಒಂದು ಲಾಂಡ್ರಿಗೆ ಕೊಟ್ಟಿದ್ವಿ, ಅವರು ಒಗೆದು ಅದರ ಮ್ಯಾಲೆ ಇಸ್ತ್ರಿ ಹೊಡೆದು ಕೊಟ್ರು. ನೋಡೋಕೆ ನೀಟಾಗಿತ್ತು, ಕೈಯಾಗ ಹಿಡಿದ್ರೆ ಬೆನ್ನಿನ ಭಾಗ ರಟ್ಟು ಇದ್ದಂಗೆ. ಒಳಗಿರೋದು ಪಾಲಿಯೆಸ್ಟರ್ ಎಳೆ, ಬಿಸಿ ತಗುಲಿದ್ರೆ ಎಳೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟ್ಕೊಂತಾವೆ, ಆಮೇಲೆ ಏನ್ ಮಾಡಿದ್ರೂ ಬಿಡಿಸೋಕೆ ಆಗಲ್ಲ. ಡೌನ್ ಹಂಗಲ್ಲ. ಅದು ಬಾತು ಇಲ್ಲಾ ಹೆಬ್ಬಾತಿನ ಎದೆ ಕಡೆ ಪುಕ್ಕದ ಕೆಳಗಿರೋ ಮೆತ್ತನೆ ತುಪ್ಪಳ. ನಮ್ಮ ಕಡೆ ಎಕ್ಕದ ಕಾಯಿ ಒಡೆದಾಗ ರೇಷ್ಮೆಯಂಥ ಹತ್ತಿ ಬಿಚ್ಕೊಂಡು ಹಾರ್ತೈತಲ್ಲ, ಹೆಚ್ಚುಕಮ್ಮಿ ಹಂಗೇ ಇರ್ತೈತೆ, ಒಂದು ನಡುಬಿಂದುವಿನಿಂದ ಸುತ್ತಲೂ ನೂರಾರು ಎಳೆ, ಆ ಎಳೆಗಳ ನಡುವೆ ಸಿಕ್ಕಿರೋ ಗಾಳೀನೇ ನಮ್ಮನ್ನ ಬೆಚ್ಚಗಿಡೋದು. ನೀರು ಬಿದ್ರೆ ಎಳೆಗಳು ಒಂದಕ್ಕೊಂದು ಅಂಟಿ ಉಂಡೆ ಆಗ್ತಾವೆ, ಆದ್ರೆ ಪೂರ್ತಿ ಒಣಗಿಸಿ ಬಿಡಿಸಿದ್ರೆ ಮತ್ತೆ ಅರಳ್ತಾವೆ. ಅಂದ್ರೆ ಡೌನ್ ಗಂಟಾಗೈತೆ ಅಂದ್ರೆ ಹೆಚ್ಚಿನಂಶ ಇನ್ನೂ ಹಸಿ ಐತೆ, ಇಲ್ಲಾ ಸೋಪು ಉಳಿದೈತೆ ಅಂತ ಅರ್ಥ.

ತೊಳಿಯೋಕೆ ಮುಂಚೆ ಅಡಿಗೆಮನೆ ಡಿಜಿಟಲ್ ತಕ್ಕಡಿ ಮ್ಯಾಲೆ ಇಟ್ಟು ತೂಗಿದೆ, 422 ಗ್ರಾಂ. ಈ ನಂಬರ್ ಬರೆದಿಟ್ಕೊಂಡಿದ್ದೇ ಮುಂದೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಸೋಪಿನ ವಿಷಯ. ದಿನಾ ಬಟ್ಟೆಗೆ ಹಾಕೋ ಪೌಡರ್ ಬೇಡ, ಅದರಾಗ ಕ್ಷಾರ ಜಾಸ್ತಿ, ಪುಕ್ಕದ ಮ್ಯಾಲಿರೋ ತೆಳು ಎಣ್ಣೆ ಅಂಶ ತೆಗೆದುಬಿಡ್ತೈತೆ, ಪ್ರೋಟೀನ್ ಕಲೆ ತೆಗಿಯೋ ಎಂಜೈಮ್ ಅದರಾಗ ಇದ್ರೆ ಇನ್ನೂ ಕೆಟ್ಟದ್ದು, ಪುಕ್ಕಾನೂ ಪ್ರೋಟೀನೇ ಅಲ್ವಾ. ಫ್ಯಾಬ್ರಿಕ್ ಕಂಡೀಷನರ್ ಅಂತೂ ಮುಟ್ಟಲೇಬಾರದು, ಎಳೆ ಮ್ಯಾಲೆ ಪೊರೆ ಥರ ಕೂತ್ಕೊಂಡು ಅರಳೋಕೆ ಬಿಡಲ್ಲ. ನಾನು ಡೌನ್‌ಗೇ ಅಂತ ಬರೋ ಲಿಕ್ವಿಡ್ ತರಿಸಿ, ಬಾಟ್ಲಿ ಮ್ಯಾಲೆ ಬರೆದಷ್ಟೇ ಹಾಕಿದೆ.

ನೀರು ಅದಕ್ಕಿಂತ ಮುಖ್ಯ. ನಮ್ಮ ಬೋರ್ ನೀರು ಸವಳು, ಬಕೆಟ್‌ನಾಗೆ ಬಿಳಿ ಕಟ್ಟು ಕಟ್ಟೋ ಅಂಥದ್ದು. ಸೋಪು ಆ ನೀರಿಗೆ ಸೇರಿದ್ರೆ ನೊರೆ ಬರೋ ಬದಲು ಜಿಗುಟು ಗಸಿ ಆಗ್ತೈತೆ, ಅದು ಡೌನ್ ಒಳಗೆ ಸೇರ್ಕೊಂಡ್ರೆ ಆಚೆ ಬರೋದು ಕಷ್ಟ. ಅದಕ್ಕೆ ನಳ ಬಂದ ದಿನಾನೇ ಕೆಲಸ ಇಟ್ಕೊಂಡೆ, ಎರಡು ಡ್ರಮ್ ನಳದ ನೀರು ತುಂಬಿಸಿ, ಕೊನೆ ಜಾಲಿಸೋಕೆ ಎರಡು ಬಕೆಟ್ ಫಿಲ್ಟರ್ ನೀರು ಬೇರೆ ಎತ್ತಿಟ್ಟೆ.

ಮೊದಲು ಕಾಲರ್ ಮತ್ತು ತೋಳಿನ ಅಂಚಿಗೆ ಆ ಲಿಕ್ವಿಡ್ಡೇ ಹಚ್ಚಿ ಮೆತ್ತನೆ ಹಲ್ಲುಜ್ಜೋ ಬ್ರಷ್‌ನಿಂದ ನಿಧಾನ ಉಜ್ಜಿದೆ. ಜಿಪ್ ಎಲ್ಲ ಹಾಕಿ, ದೊಡ್ಡ ಟಬ್‌ನಾಗೆ ಉಗುರುಬೆಚ್ಚಗಿನ ನೀರಿಗೆ ಬಿಟ್ರೆ ಬಲೂನ್ ಥರ ಮ್ಯಾಲೇ ತೇಲ್ತೈತೆ, ಒಳಗೆ ಗಾಳಿ ಐತಲ್ಲ. ಅಂಗೈಯಿಂದ ಒತ್ತಿ ಒತ್ತಿ ಗಾಳಿ ಬಿಡಿಸಿ ಮುಳುಗಿಸಬೇಕು, ಉಜ್ಜೋದು ತಿರುಚೋದು ಮಾಡಬಾರದು. ಮ್ಯಾಲಿನಿಂದ ಬಟ್ಟೆ ಹಾಕೋ ಮಷೀನು, ನಡುವೆ ಕಂಬ ಇರೋದು, ಬೇಡ ಅನ್ನೋದಕ್ಕೂ ಇದೇ ಕಾರಣ, ತೇಲೋ ಜಾಕೆಟ್ ಕಂಬಕ್ಕೆ ಸುತ್ಕೊಂಡು ಹೊಲಿಗೆ ಹರಿತೈತೆ. ಮುಂದೆ ಬಾಗಿಲಿರೋ ಮಷೀನ್ ಇದ್ರೆ ಜೆಂಟಲ್ ಸೈಕಲ್‌ನಾಗೆ, ಒಂದೆರಡು ಸಲ ಎಕ್ಸ್‌ಟ್ರಾ ರಿನ್ಸ್ ಕೊಟ್ಟು ತೊಳಿಬಹುದು.

ನಾನು ಐದು ಸಲ ಜಾಲಿಸಿದೆ. ಒತ್ತಿದಾಗ ಹೊಲಿಗೆ ಸಂದಿಯಿಂದ ನೊರೆ ಗುಳ್ಳೆ ಬರೋದು ನಿಲ್ಲೋ ತನಕ ಬಿಡಬಾರದು. ನೀರಿಂದ ತೆಗಿಯುವಾಗ ಭುಜ ಹಿಡಿದು ಎತ್ತಬ್ಯಾಡ್ರಿ, ಹಸಿ ಡೌನ್ ಭಾರ ಇರ್ತೈತೆ, ಡೌನ್ ಒಂದು ಕಡೆ ಸೇರದಂಗೆ ಒಳಗೆ ಹೊಲಿದಿರೋ ಗೂಡುಗಳ ಹೊಲಿಗೆ ಕಿತ್ತು ಬರ್ತೈತೆ. ಎರಡೂ ಕೈ ಕೆಳಗೆ ಕೊಟ್ಟು ಮಗು ಎತ್ತಿದಂಗೆ ಎತ್ತಿ, ದಪ್ಪ ಟವೆಲ್‌ನಾಗೆ ಸುತ್ತಿ ಒತ್ತಿದೆ. ಅವ್ವ ಬಂದು ಮೂಸಿ "ಏನೋ ಇದು, ಕೋಳಿ ಪುಕ್ಕ ನೆನೆಸಿದಂಗೆ ವಾಸ್ನೆ ಹೊಡಿತೈತೆ" ಅಂದ್ಲು. ಹಸಿ ಇದ್ದಾಗ ಆ ವಾಸನೆ ಸಹಜ, ಒಣಗಿದ ಮ್ಯಾಲೆ ಇರಬಾರದು.

ಇಲ್ಲಿ ಜೀನ್ಸ್ ವಾಷಿಂಗ್ ಯೂನಿಟ್‌ಗಳು ಬೇಕಾದಷ್ಟು, ದೊಡ್ಡ ಡ್ರೈಯರ್ ಇರ್ತಾವೆ, ಅಲ್ಲಿ ಕೆಲಸ ಮಾಡೋ ಗೆಳೆಯನ್ನ ಕೇಳಿದೆ. "ಬ್ಯಾಡಣ್ಣ, ನಮ್ಮ ಹೀಟ್ ಜೀನ್ಸಿಗೆ ಸರಿ, ಇಷ್ಟು ತೆಳು ನೈಲಾನ್ ಮುದುಡಿ ಹೋಗ್ತೈತೆ, ನೀಲಿ ಬೇರೆ ಹತ್ತತೈತೆ" ಅಂದ. ಸರಿ ಅಂತ ಹಿತ್ತಲ ಕಡೆ ಪಡಸಾಲೆ ನೆರಳಾಗ ನವಾರ್ ಮಂಚದ ಮ್ಯಾಲೆ ಅಗಲವಾಗಿ ಹಾಸಿದೆ, ಕೆಳಗಿಂದನೂ ಗಾಳಿ ಆಡ್ತೈತೆ, ಪಕ್ಕಕ್ಕೊಂದು ಟೇಬಲ್ ಫ್ಯಾನ್. ಹ್ಯಾಂಗರ್‌ಗೆ ಹಾಕಿದ್ರೆ ಹಸಿ ಡೌನ್ ಎಲ್ಲ ಪ್ರತಿ ಗೂಡಿನ ತಳಕ್ಕೆ ಜಾರಿ ಕೂರ್ತೈತೆ. ನೇರ ಬಿಸಿಲೂ ಬೇಡ, ತೆಳು ನೈಲಾನ್ ಬಿಸಿಲಿಗೆ ಬಣ್ಣ, ಶಕ್ತಿ ಎರಡೂ ಕಳ್ಕೊಂತೈತೆ, ನಮ್ಮೂರ ನೆರಳಿನ ಝಳ ಸಾಕು.

ಗಂಟೆಗೊಮ್ಮೆ ತಿರುವಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಪ್ರತಿ ಗೂಡಿನಾಗ ಹುಣಸೆಬೀಜದಷ್ಟು ಗಟ್ಟಿ ಉಂಡೆಗಳು ಕೈಗೆ ಸಿಗೋಕೆ ಶುರುವಾದ್ವು. ಹೊರಗಿನಿಂದಲೇ ಎರಡು ಬೆರಳ ತುದಿಯಾಗ ಹಿಡಿದು, ಗಾದಿ ಹತ್ತಿ ಹಿಂಜಿದಂಗೆ ಮೆಲ್ಲಗೆ ಎಳೆದು ಬಿಡಿಸಬೇಕು, ಪೂರ್ತಿ ಹಸಿ ಇದ್ದಾಗ ಮಾಡಿದ್ರೆ ಎಳೆ ಮುರಿತಾವೆ, ಸ್ವಲ್ಪ ಆರಿದ ಮ್ಯಾಲೆ ತಾನೇ ಬಿಡ್ತಾವೆ. ಮನೆ ಡ್ರೈಯರ್ ಇರೋರಿಗೆ ಈ ಕೆಲಸ ಎರಡು ಮೂರು ಟೆನಿಸ್ ಬಾಲ್ ಮಾಡ್ಕೊಡ್ತಾವೆ, ಕಮ್ಮಿ ಹೀಟ್‌ನಾಗೆ ಎರಡು ಮೂರು ತಾಸು.

ಎರಡನೇ ದಿನ ಸಂಜೆ ಮುಟ್ಟಿದ್ರೆ ಪೂರ್ತಿ ಒಣಗಿದಂಗೇ ಇತ್ತು, ಉಬ್ಬಿತ್ತು ಕೂಡ. ತೂಗಿದ್ರೆ 441. ಅಂದ್ರೆ ಇನ್ನೂ ಸುಮಾರು 20 ಗ್ರಾಂ ನೀರು ಒಳಗೇ ಐತೆ! ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದೆ, ಕಂಕುಳ ಹತ್ರ, ಕಾಲರ್ ಒಳಗೆ ಕಪ್ಪು ಮಚ್ಚೆ ಥರ ಉಂಡೆಗಳು ಕಂಡ್ವು. ಅವತ್ತೇ ಮಡಚಿ ಬೀರುವಿಗೆ ಇಟ್ಟಿದ್ರೆ ಮುಗ್ಗಲು ಹಿಡಿತಿತ್ತು. ಮತ್ತೆರಡು ದಿನ ಹಿಂಜೋದು, ಎರಡೂ ಅಂಗೈ ನಡುವೆ ತಟ್ಟೋದು ಮಾಡಿದೆ. ನಾಲ್ಕನೇ ದಿನ ಮಧ್ಯಾಹ್ನ 419 ಬಂತು, ಕೊಳೆ ಹೋಗಿ ಮೂರು ಗ್ರಾಂ ಇಳಿದಿರಬೇಕು, ಮರುದಿನಾನೂ ಅಷ್ಟೇ ಇತ್ತು.

ಅದೇ ವಾರ ತಮ್ಮನ ಹೊಸ ಸಿಂಥೆಟಿಕ್ ಜಾಕೆಟ್ಟೂ ತೊಳೆದೆ, ಅದು ಒಂದೇ ದಿನಕ್ಕೆ ಒಣಗಿತು. ಅದನ್ನ ಹಿಂಜೋಕೆ ಹೋಗಬೇಡಿ, ಒಳಗೆ ಹಾಳೆ ಥರ ಹಾಸಿರ್ತಾರೆ, ಎಳೆದ್ರೆ ಹರಿದು ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಖಾಲಿ ಆಗ್ತೈತೆ. ತಿರುಚದೆ ಒತ್ತಿ, ನೆರಳಾಗ ಹಾಸಿ, ಕೊನೆಗೆ ಎರಡು ಸಲ ಝಾಡಿಸಿದ್ರೆ ಸಾಕು. ಈಗ ಎರಡೂ ಜಾಕೆಟ್ ಬೀರುವಿನಾಗ ಹ್ಯಾಂಗರ್‌ಗೆ ತೂಗಾಕಿವೆ. ಚೀಲಕ್ಕೆ ತುರುಕಿಡೋದು ಟ್ರೆಕ್‌ಗೆ ಹೋಗುವಾಗ ಮಾತ್ರ.